ಮೇಲಕ್ಕೆ ಎಸೆದ ನಿಂಬೆಹಣ್ಣನ್ನು ಗಾಳಿಯಲ್ಲಿ ತಳ್ಳುತ್ತಿರುವವರು ಯಾರು?

ಆಯುಧಪೂಜೆಗೆಂದು ದೇವರಾಜ ಮಾರುಕಟ್ಟೆಯಿಂದ ತಂದ ನಿಂಬೆಹಣ್ಣುಗಳಲ್ಲಿ ಒಂದು ಉಳಿದಿತ್ತು. ಅದರ ಫೋಟೊ ತೆಗೆದು, ಮೈಸೂರಿನ ನಮ್ಮ ಬಡಾವಣೆಯ ವಾಟ್ಸ್ಆ್ಯಪ್ ಗುಂಪಿಗೆ ಒಂದು ಪ್ರಶ್ನೆ ಹಾಕಿದೆ: "ಈ ಹಣ್ಣನ್ನು ನೇರ ಮೇಲಕ್ಕೆ ಎಸೆದಿದ್ದೇನೆ. ಕೈ ಬಿಟ್ಟಾಗಿದೆ, ಹಣ್ಣು ಇನ್ನೂ ಮೇಲೇರುತ್ತಿದೆ. ಈ ಕ್ಷಣ ಅದರ ಮೇಲೆ ಯಾವ ಯಾವ ಬಲಗಳಿವೆ? ಗಾಳಿಯ ಅಡ್ಡಿಯನ್ನು ಲೆಕ್ಕಕ್ಕೆ ಹಿಡಿಯಬೇಡಿ."

ಬಂದ ಉತ್ತರಗಳು ಬಹುತೇಕ ಒಂದೇ ಥರ ಇದ್ದವು. ಎಸೆದ ಬಲ ಮೇಲಕ್ಕೆ, ಗುರುತ್ವದ ಬಲ ಕೆಳಕ್ಕೆ. ಏರುವಾಗ ಎಸೆದ ಬಲ ಹೆಚ್ಚು, ತುದಿಯಲ್ಲಿ ಎರಡೂ ಸಮ, ಆಮೇಲೆ ಗುರುತ್ವ ಗೆಲ್ಲುತ್ತದೆ. ಹೀಗೆ ಬರೆದವರಲ್ಲಿ ಇಂಜಿನಿಯರಿಂಗ್ ಓದಿದವರೂ ಇದ್ದರು. ಕಾಲೇಜಿನಲ್ಲಿ ನಾನೂ ಹೀಗೆಯೇ ಹೇಳಿದ್ದೆ, ಹಾಗಾಗಿ ನಗುವ ಹಕ್ಕು ನನಗಿಲ್ಲ.

ಸರಿಯಾದ ಉತ್ತರ: ಹಣ್ಣಿನ ಮೇಲಿರುವುದು ಒಂದೇ ಬಲ, ಭೂಮಿಯ ಸೆಳೆತ. ಏರುವಾಗಲೂ ಅದೇ, ತುದಿಯಲ್ಲೂ ಅದೇ, ಇಳಿಯುವಾಗಲೂ ಅದೇ.

ಇದು ನಮ್ಮ ಬಡಾವಣೆಯವರಷ್ಟೇ ಮಾಡುವ ತಪ್ಪಲ್ಲ. ಅಮೆರಿಕದ ಜಾನ್ ಕ್ಲೆಮೆಂಟ್ ಎಂಬ ಸಂಶೋಧಕರು ನಾಣ್ಯ ಚಿಮ್ಮಿಸುವ ಇದೇ ಪ್ರಶ್ನೆಯನ್ನು ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಕೇಳಿ, ಫಲಿತಾಂಶವನ್ನು 1982ರಲ್ಲಿ ಪ್ರಕಟಿಸಿದರು. ಚಲನೆಯ ಪಾಠ ಮುಗಿಸಿದ ಮೇಲೂ ಬಹುಪಾಲು ವಿದ್ಯಾರ್ಥಿಗಳು ಮೇಲ್ಮುಖದ ಬಾಣವೊಂದನ್ನು ಬರೆಯುತ್ತಲೇ ಇದ್ದರು. ಸೂತ್ರ ಬಾಯಿಪಾಠವಾಗಿರುತ್ತದೆ, ಆದರೆ "ಓಡುತ್ತಿದೆ ಎಂದರೆ ಯಾವುದೋ ತಳ್ಳುತ್ತಿರಲೇಬೇಕು" ಎಂಬ ನಂಬಿಕೆ ಒಳಗೆ ಹಾಗೇ ಕೂತಿರುತ್ತದೆ.

ನಂಬಿಕೆ ಎಲ್ಲಿ ಮುರಿಯುತ್ತದೆ ನೋಡೋಣ. ಹಣ್ಣಿನ ತೂಕ 50 ಗ್ರಾಂ ಅಂತಿಟ್ಟುಕೊಳ್ಳಿ. ಭೂಮಿ ಅದನ್ನು ಸುಮಾರು ಅರ್ಧ ನ್ಯೂಟನ್ ಬಲದಿಂದ ಕೆಳಕ್ಕೆ ಎಳೆಯುತ್ತದೆ. ಕೈ ಬಿಡುವಾಗ ಹಣ್ಣಿನ ವೇಗ ಸೆಕೆಂಡಿಗೆ 5 ಮೀಟರ್ ಇದ್ದರೆ, ಸೆಳೆತದಿಂದಾಗಿ ಆ ವೇಗ ಸೆಕೆಂಡಿಗೆ ಸುಮಾರು 10 ಮೀಟರ್‌ನ ಲೆಕ್ಕದಲ್ಲಿ ಇಳಿಯುತ್ತಾ ಹೋಗಿ, ಅರ್ಧ ಸೆಕೆಂಡಿನಲ್ಲಿ ಸೊನ್ನೆಯಾಗುತ್ತದೆ. ಅಷ್ಟರಲ್ಲಿ ಹಣ್ಣು ಸುಮಾರು ಒಂದೂಕಾಲು ಮೀಟರ್ ಮೇಲೇರಿರುತ್ತದೆ.

ಈಗ ಗುಂಪಿನವರ ಉತ್ತರವನ್ನೇ ನಿಜವೆಂದು ಹಿಡಿಯಿರಿ. ಏರುವಾಗ ಮೇಲ್ಮುಖದ ಬಲವೇ ಹೆಚ್ಚಿದ್ದರೆ ಹಣ್ಣಿನ ವೇಗ ಏರುತ್ತಾ ಹೋಗಬೇಕಿತ್ತು. ಆದರೆ ಕೈ ಬಿಟ್ಟ ಕ್ಷಣದಿಂದಲೇ ಅದು ನಿಧಾನವಾಗುತ್ತದೆ. ತುದಿಯಲ್ಲಿ ಎರಡೂ ಬಲ ಸಮ ಎಂಬ ಮಾತು ಇನ್ನೂ ತಮಾಷೆಯದು. ಆ ಕ್ಷಣ ಹಣ್ಣು ನಿಂತಿದೆ, ಬಲಗಳೂ ಸಮವಾಗಿವೆ ಎಂದಾದರೆ ಅದನ್ನು ಕದಲಿಸುವುದಕ್ಕೆ ಏನೂ ಉಳಿಯುವುದಿಲ್ಲ. ಹಣ್ಣು ಅಲ್ಲೇ, ಗಾಳಿಯಲ್ಲಿ ತೂಗಿಕೊಂಡು ನಿಲ್ಲಬೇಕು.

ಹಾಗಾದರೆ ಅದು ಮೇಲೇರಿದ್ದು ಹೇಗೆ? ಕೈ ಅದಕ್ಕೆ ಕೊಟ್ಟದ್ದು ವೇಗವನ್ನು. ಪಡೆದ ವೇಗ ಉಳಿದುಕೊಳ್ಳಲು ಯಾರ ಸಹಾಯವೂ ಬೇಡ, ಅದು ಬದಲಾಗಲು ಮಾತ್ರ ಬಲ ಬೇಕು. ಇಲ್ಲಿ ಬದಲಿಸುತ್ತಿರುವುದು ಭೂಮಿ.

ಮಾತಿನಲ್ಲಿ ನಂಬಿಕೆ ಬರದಿದ್ದರೆ ನಿಮ್ಮ ಮೊಬೈಲನ್ನೇ ಕೇಳಬಹುದು. phyphox ಎಂಬ ಉಚಿತ ಆ್ಯಪ್ ಹಾಕಿಕೊಂಡು, with g ಎಂದಿರುವ ಅಳತೆಯನ್ನು ತೆರೆಯಿರಿ. ಫೋನಿನೊಳಗಿನ ಈ ಸಂವೇದಕದ ಸ್ವಭಾವ ವಿಚಿತ್ರ: ಮುಟ್ಟಿ ತಳ್ಳುವ ಬಲಗಳು ಮಾತ್ರ ಅದಕ್ಕೆ ತಿಳಿಯುತ್ತವೆ, ಭೂಮಿಯ ಸೆಳೆತ ತಿಳಿಯುವುದಿಲ್ಲ. ಮೇಜಿನ ಮೇಲಿಟ್ಟಾಗ ಅದು ಸುಮಾರು 9.8 ತೋರಿಸುವುದು ಮೇಜು ಕೆಳಗಿನಿಂದ ತಳ್ಳುತ್ತಿರುವುದರಿಂದ. ಅಂದರೆ, ಕೈಯ ತಳ್ಳುವಿಕೆ ಎಸೆದ ಮೇಲೂ ಉಳಿದಿರುತ್ತದೆಯೇ ಎಂದು ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇರೆ ಬೇಕಿಲ್ಲ.

ಅಳತೆ ಶುರು ಮಾಡಿ, ದಪ್ಪ ಹಾಸಿಗೆಯ ಮೇಲುಗಡೆ ಫೋನನ್ನು ತಿರುಗಿಸದೆ ಅರ್ಧ ಮೀಟರ್‌ನಷ್ಟು ಮೇಲಕ್ಕೆ ಚಿಮ್ಮಿಸಿ, ಹಾಸಿಗೆಗೆ ಬೀಳಲು ಬಿಡಿ. ಆಮೇಲೆ ನಕ್ಷೆ ನೋಡಿ. ಕೈ ತಳ್ಳುವಾಗ ಗೆರೆ 9.8ಕ್ಕಿಂತ ಮೇಲೆ ಹೋಗಿರುತ್ತದೆ. ಕೈ ಬಿಟ್ಟ ತಕ್ಷಣ ಸೊನ್ನೆಯ ಹತ್ತಿರಕ್ಕೆ ಬಿದ್ದು, ಏರುವಾಗ, ತುದಿಯಲ್ಲಿ, ಇಳಿಯುವಾಗ ಹಾಗೇ ಚಪ್ಪಟೆಯಾಗಿರುತ್ತದೆ. ಹಾಸಿಗೆ ತಾಕಿದಾಗ ಮತ್ತೆ ಚಿಮ್ಮುತ್ತದೆ. ಸೊನ್ನೆಗಿಂತ ಸಾಕಷ್ಟು ಮೇಲೆ ಇದ್ದರೆ ಫೋನ್ ಗಾಳಿಯಲ್ಲಿ ಗಿರಕಿ ಹೊಡೆದಿದೆ ಎಂದರ್ಥ, ಇನ್ನೊಮ್ಮೆ ಎಸೆಯಿರಿ. (ಮನೆಯವರ ಫೋನ್ ಬೇಡ.)

ಇಷ್ಟು ಗಟ್ಟಿಯಾಗಿ ಈ ನಂಬಿಕೆ ಬೇರೂರಲು ಕಾರಣವೂ ಇದೆ. ಮೈಸೂರಿನ ಟಾಂಗಾ ನೋಡಿ. ಕುದುರೆ ಎಳೆಯುವವರೆಗೆ ಗಾಡಿ ಓಡುತ್ತದೆ, ಎಳೆಯುವುದನ್ನು ಬಿಟ್ಟರೆ ಸ್ವಲ್ಪ ದೂರದಲ್ಲಿ ನಿಲ್ಲುತ್ತದೆ. ಓಟಕ್ಕೆ ಎಳೆತವೇ ಕಾರಣ ಎನ್ನಿಸುವುದು ಸಹಜ. ಆದರೆ ಗಾಡಿಯನ್ನು ನಿಲ್ಲಿಸಿದ್ದು ಎಳೆತದ ಗೈರುಹಾಜರಿ ಅಲ್ಲ, ಅಚ್ಚು ಮತ್ತು ಚಕ್ರಗಳಲ್ಲಿನ ಘರ್ಷಣೆ. ಒಂದೇ ವೇಗದಲ್ಲಿ ಸಾಗುವಾಗ ಕುದುರೆಯ ಎಳೆತ ಮತ್ತು ಘರ್ಷಣೆಯ ಹಿಂದೆಳೆತ ಸರಿಸಮವಾಗಿರುತ್ತವೆ. ಅಲ್ಲಿ ಕುದುರೆಯ ದುಡಿಮೆ ಘರ್ಷಣೆಯ ಸಾಲ ತೀರಿಸುವುದಕ್ಕೆ ಹೋಗುತ್ತದೆ. ಘರ್ಷಣೆ ಕಣ್ಣಿಗೆ ಕಾಣುವುದಿಲ್ಲ, ಕುದುರೆ ಕಾಣುತ್ತದೆ. ಅದಕ್ಕೇ ಲೆಕ್ಕ ತಪ್ಪುವುದು.

ನಂಬಿಕೆ ಹಳೆಯದೂ ಹೌದು. ಕಣಾದರು ನ್ಯೂಟನ್‌ಗಿಂತ ಮೊದಲೇ ಚಲನೆಯ ನಿಯಮಗಳನ್ನು ಹೇಳಿದ್ದರು ಎಂಬ ಫಾರ್ವರ್ಡ್ ನಿಮಗೂ ಬಂದಿರಬಹುದು. ವೈಶೇಷಿಕ ಸೂತ್ರಗಳ ಐದನೆಯ ಅಧ್ಯಾಯದಲ್ಲಿ ಬಾಣದ ಪ್ರಸ್ತಾಪ ನಿಜಕ್ಕೂ ಇದೆ. ಬಾಣದ ಮೊದಲ ಚಲನೆ ತಳ್ಳುವಿಕೆಯಿಂದ, ಮುಂದಿನದು ಅದರಲ್ಲಿ ಹುಟ್ಟಿದ ಸಂಸ್ಕಾರದಿಂದ, ಆ ಸಂಸ್ಕಾರ ಇಲ್ಲವಾದಾಗ ಗುರುತ್ವದಿಂದ ಬೀಳುತ್ತದೆ ಎನ್ನುವ ವಿವರಣೆ ಅದು. ಆ ಕಾಲಕ್ಕೆ ಚುರುಕಾದ ಯೋಚನೆಯೇ. ಆದರೆ ಅದು ಹೋಲುವುದು ನಮ್ಮ ಗುಂಪಿನ ಉತ್ತರವನ್ನು, 1687ರಲ್ಲಿ ನ್ಯೂಟನ್ ಪ್ರಕಟಿಸಿದ ಮೊದಲ ನಿಯಮವನ್ನಲ್ಲ. ಆ ನಿಯಮದಲ್ಲಿ ಸಾಗುವ ವಸ್ತುವಿನೊಳಗೆ ಖರ್ಚಾಗುವಂಥದ್ದು ಏನೂ ಇಲ್ಲ.

ನಿಂಬೆಹಣ್ಣಿನ ಪ್ರಶ್ನೆ ತಪ್ಪಾದರೆ ಹೋಗುವುದು ಒಂದೆರಡು ಅಂಕ. ಇದೇ ನಂಬಿಕೆ ಕಾರಿನಲ್ಲಿ ಕೂತಾಗ ಪರಿಣಾಮ ಬೇರೆ. ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ಬೆಂಗಳೂರು ರಸ್ತೆ ಹಿಡಿಯುವವರು "ಗಟ್ಟಿಯಾಗಿ ಹಿಡ್ಕೊಂಡಿದ್ದೀನಲ್ಲ" ಎನ್ನುತ್ತಾರೆ. ಕಾರು ನಿಂತರೆ ಮಗುವನ್ನು ತಳ್ಳುವುದು ಏನೂ ಇಲ್ಲ, ಹಾಗಾಗಿ ಅದೂ ನಿಲ್ಲುತ್ತದೆ ಎಂಬ ಊಹೆ ಇದರ ಹಿಂದಿದೆ.

ಕಾರು ಗಂಟೆಗೆ 54 ಕಿ.ಮೀ. ವೇಗದಲ್ಲಿದೆ ಎನ್ನಿ, ಅಂದರೆ ಸೆಕೆಂಡಿಗೆ 15 ಮೀಟರ್. ಮಡಿಲಲ್ಲಿರುವ ಮಗುವಿನ ವೇಗವೂ ಅಷ್ಟೇ. ಕಾರು ಡಿಕ್ಕಿಯಾಗಿ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತರೂ ಮಗು ಆ ವೇಗದಲ್ಲೇ ಮುಂದೆ ಸಾಗುತ್ತದೆ, ಅದಕ್ಕೆ ತಳ್ಳುವವರು ಬೇಕಿಲ್ಲ. 10 ಕಿಲೊ ತೂಕದ ಮಗುವನ್ನು ಅಷ್ಟೇ ಸಮಯದಲ್ಲಿ ನಿಲ್ಲಿಸಲು ನಿಮ್ಮ ತೋಳುಗಳು ಸುಮಾರು 1,500 ನ್ಯೂಟನ್ ಬಲದಿಂದ ಹಿಂದಕ್ಕೆ ಎಳೆಯಬೇಕು. ಅದು 150 ಕಿಲೊ ಭಾರವನ್ನು ಎತ್ತಿ ಹಿಡಿಯುವಷ್ಟು ಬಲ, ಅದೂ ಕಣ್ಣು ಮಿಟುಕಿಸುವುದರೊಳಗೆ. ಬೆಲ್ಟ್ ಹಾಕಿಕೊಳ್ಳದಿದ್ದರೆ ನೀವೂ ಅದೇ ವೇಗದಲ್ಲಿ ಮಗುವಿನ ಹಿಂದೆಯೇ ಹೋಗುತ್ತಿರುತ್ತೀರಿ. ಕಾರಿಗೆ ಬಿಗಿದ ಮಕ್ಕಳ ಸೀಟಾದರೆ ಆ ಹಿಂದೆಳೆತವನ್ನು ಕಾರಿನ ಚೌಕಟ್ಟೇ ಕೊಡುತ್ತದೆ. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ ಪ್ರಕಾರ 14 ವರ್ಷದೊಳಗಿನ ಮಕ್ಕಳಿಗೆ ಸೀಟ್ ಬೆಲ್ಟ್ ಅಥವಾ ಮಕ್ಕಳ ಸೀಟು ಇಲ್ಲದಿದ್ದರೆ 1,000 ರೂಪಾಯಿ ದಂಡವಿದೆ.