ಬರೀ ಲಿಂಕ್ ಕೊಟ್ಟರೆ ಸಾಲದು

ನಮ್ಮ ಪ್ರಾಜೆಕ್ಟ್ ವರದಿಗಳ ಕೊನೆಯ ಪುಟವನ್ನು ಒಮ್ಮೆ ನೋಡಿ. ಪುಸ್ತಕಗಳ ವಿವರ ಅಚ್ಚುಕಟ್ಟಾಗಿರುತ್ತದೆ: ಲೇಖಕರು, ವರ್ಷ, ಶೀರ್ಷಿಕೆ, ಪ್ರಕಾಶಕರು. ವಿಡಿಯೊಗಳ ಸರದಿ ಬಂದಾಗ ಮಾತ್ರ ಒಂದು ಕಡೆ ಬರೀ ಲಿಂಕ್, ಇನ್ನೊಂದು ಕಡೆ ‘ಯೂಟ್ಯೂಬ್’ ಎಂಬ ಒಂದೇ ಪದ, ಮತ್ತೊಂದು ಕಡೆ ಭಾಷಣಕಾರರ ಹೆಸರಷ್ಟೆ. ಪುಸ್ತಕಕ್ಕೆ ಇರುವ ಶಿಸ್ತು ವಿಡಿಯೊಗೂ ಬೇಕು ಎಂಬುದು ನನ್ನ ವಾದ.

ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ ರೂಪಿಸಿರುವ ಎಪಿಎ ಶೈಲಿಯ 7ನೇ ಆವೃತ್ತಿ ಪ್ರತಿಯೊಂದು ಆಕರಕ್ಕೂ ನಾಲ್ಕೇ ಪ್ರಶ್ನೆ ಕೇಳುತ್ತದೆ: ಯಾರು, ಯಾವಾಗ, ಏನು, ಎಲ್ಲಿ. ವಿಡಿಯೊ ವಿಷಯದಲ್ಲಿ ಮೊದಲ ಪ್ರಶ್ನೆಯಲ್ಲೇ ನಾವು ಎಡವುತ್ತೇವೆ.

ನೈಜೀರಿಯಾದ ಲೇಖಕಿ ಚಿಮಮಾಂಡಾ ಎನ್‌ಗೋಝಿ ಅಡೀಚಿ ಅವರ 2009ರ ಪ್ರಸಿದ್ಧ ಟೆಡ್ ಭಾಷಣವನ್ನೇ ತೆಗೆದುಕೊಳ್ಳಿ. ಅದನ್ನು ಟೆಡ್ ಸಂಸ್ಥೆಯ ಜಾಲತಾಣದಲ್ಲಿ ನೋಡಿದವರು ಹೀಗೆ ಬರೆಯಬೇಕು:

ಅಡೀಚಿ, ಸಿ. ಎನ್. (2009, ಜುಲೈ). ದ ಡೇಂಜರ್ ಆಫ್ ಎ ಸಿಂಗಲ್ ಸ್ಟೋರಿ [ವಿಡಿಯೊ]. ಟೆಡ್ ಕಾನ್ಫರೆನ್ಸಸ್. https://www.ted.com/talks/chimamanda_ngozi_adichie_the_danger_of_a_single_story

ಅದೇ ಭಾಷಣವನ್ನು ಯೂಟ್ಯೂಬ್‌ನಲ್ಲಿ ನೋಡಿದವರು ಹೀಗೆ:

ಟೆಡ್. (2009, ಅಕ್ಟೋಬರ್ 7). ದ ಡೇಂಜರ್ ಆಫ್ ಎ ಸಿಂಗಲ್ ಸ್ಟೋರಿ | ಚಿಮಮಾಂಡಾ ಎನ್‌ಗೋಝಿ ಅಡೀಚಿ | ಟೆಡ್ [ವಿಡಿಯೊ]. ಯೂಟ್ಯೂಬ್. https://www.youtube.com/watch?v=D9Ihs241zeg

ಇಲ್ಲಿ ನನ್ನ ಗೆಳೆಯರು ತಕರಾರು ತೆಗೆಯುತ್ತಾರೆ: ‘ಮಾತಾಡಿದವರು ಅಡೀಚಿ, ಚಾನೆಲ್‌ಗೆ ಯಾಕೆ ಲೇಖಕರ ಪಟ್ಟ?’ ಪ್ರಶ್ನೆ ನ್ಯಾಯವಾದದ್ದೇ. ಆದರೆ ಒಂದೇ ಭಾಷಣವನ್ನು ಹತ್ತು ಚಾನೆಲ್‌ಗಳು ಹತ್ತು ರೀತಿ ಕತ್ತರಿಸಿ ಹಾಕಬಹುದು. ಅರ್ಧ ನಿಮಿಷದ ತುಣುಕಿನಲ್ಲಿ ‘ಆದರೆ’ ಎಂಬ ಮಾತಿನ ಮುಂದಿನದು ಬಿಟ್ಟುಹೋದರೆ ಅರ್ಥವೇ ತಿರುಗಿಬಿಡುತ್ತದೆ. ಓದುಗರಿಗೆ ತಿಳಿಯಬೇಕಾದದ್ದು ನೀವು ನೋಡಿದ್ದು ಯಾರು ಹಾಕಿದ ಪ್ರತಿ ಎಂಬುದು. ಅದಕ್ಕೇ ಯೂಟ್ಯೂಬ್‌ನಲ್ಲಿ ಅಪ್‌ಲೋಡ್ ಮಾಡಿದವರಿಗೆ ಮೊದಲ ಸ್ಥಾನ. ಭಾಷಣಕಾರರ ಹೆಸರನ್ನು ನಿಮ್ಮ ವಾಕ್ಯದಲ್ಲೇ ಹೇಳಿ: ‘ಅಡೀಚಿ ಹೇಳುವಂತೆ...’ ಎಂದು ಬರೆದು, ಕೊನೆಗೆ ಆವರಣದಲ್ಲಿ (ಟೆಡ್, 2009) ಎಂದು ಕೊಟ್ಟರೆ ಇಬ್ಬರಿಗೂ ನ್ಯಾಯ ಸಿಗುತ್ತದೆ. ಅವರ ಮಾತನ್ನು ಇದ್ದ ಹಾಗೇ ಎತ್ತಿಕೊಂಡಿದ್ದರೆ ಪುಟಸಂಖ್ಯೆಯ ಬದಲು ಆ ಮಾತು ಶುರುವಾಗುವ ಸಮಯ ಸೇರಿಸಿ. ನಾಲ್ಕು ನಿಮಿಷ ಹದಿಮೂರು ಸೆಕೆಂಡ್ ಆದರೆ 4:13 ಎಂದು.

ಉಳಿದವಕ್ಕೂ ಇದೇ ನಾಲ್ಕು ಪ್ರಶ್ನೆ. ಪಾಡ್‌ಕಾಸ್ಟ್‌ನ ಒಂದು ಕಂತಿಗೆ ‘ಯಾರು’ ಎಂದರೆ ನಿರೂಪಕರು, ಬಂದ ಅತಿಥಿಯಲ್ಲ. ‘ಏನು’ ಎಂದರೆ ಕಂತಿನ ಶೀರ್ಷಿಕೆ. ‘ಎಲ್ಲಿ’ ಎಂದರೆ ಪಾಡ್‌ಕಾಸ್ಟ್‌ನ ಹೆಸರು, ಪ್ರಕಟಿಸಿದ ಸಂಸ್ಥೆ ಮತ್ತು ಲಿಂಕ್. ಸಾಮಾಜಿಕ ಜಾಲತಾಣದ ಪೋಸ್ಟ್‌ಗೆ ಶೀರ್ಷಿಕೆಯೇ ಇರುವುದಿಲ್ಲ. ಆಗ ಪೋಸ್ಟ್‌ನ ಮೊದಲ 20 ಪದಗಳೇ ಶೀರ್ಷಿಕೆ. ಕಾಗುಣಿತ ತಪ್ಪಿದ್ದರೂ ತಿದ್ದದೆ, ಇದ್ದ ಹಾಗೇ ಬರೆಯಬೇಕು. ಪುಸ್ತಕಕ್ಕೆ ವರ್ಷ ಸಾಕು. ಪೋಸ್ಟ್‌ಗೆ ತಿಂಗಳು, ದಿನಾಂಕವೂ ಬೇಕು, ಏಕೆಂದರೆ ಒಂದೇ ಖಾತೆ ದಿನಕ್ಕೆ ಹಲವು ಪೋಸ್ಟ್ ಹಾಕಬಹುದು.

ಎಲ್ಲಕ್ಕಿಂತ ಗೊಂದಲ ತರಗತಿಯ ರೆಕಾರ್ಡಿಂಗ್‌ನದು. ಉಪನ್ಯಾಸಕರು ತರಗತಿಯ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದ ಆಡಿಯೊ ಹೊರಗಿನ ಓದುಗರಿಗೆ ಸಿಗುವುದಿಲ್ಲ. ಅಂಥದ್ದು ಪಟ್ಟಿಗೆ ಸೇರಬಾರದು. ಬರಹದೊಳಗೇ ಉಪನ್ಯಾಸಕರ ಹೆಸರು, ‘ವೈಯಕ್ತಿಕ ಸಂವಹನ’ ಎಂಬ ಮಾತು ಮತ್ತು ದಿನಾಂಕ ಕೊಟ್ಟರೆ ಮುಗಿಯಿತು. ಅದೇ ಉಪನ್ಯಾಸ ಎಲ್ಲರಿಗೂ ತೆರೆದ ಚಾನೆಲ್‌ನಲ್ಲಿದ್ದರೆ, ಆಗ ಅದು ಸಾಮಾನ್ಯ ಯೂಟ್ಯೂಬ್ ವಿಡಿಯೊ. ಪಟ್ಟಿಯಲ್ಲಿ ಜಾಗ ಉಂಟು. ಫಾರ್ವರ್ಡ್ ಆಗಿ ಬಂದ ತುಣುಕಿನ ಮೂಲ ಸಿಗದಿದ್ದರೆ ಅದನ್ನು ಆಧಾರವಾಗಿ ಬಳಸದಿರುವುದೇ ಮೇಲು, ಏಕೆಂದರೆ ‘ಯಾರು’ ಎಂಬುದಕ್ಕೇ ಉತ್ತರವಿಲ್ಲ.

ಬೇರೆ ಶೈಲಿಗಳಲ್ಲಿ ನಿಯಮ ಬೇರೆ ಇದೆ ಎಂಬುದು ನಿಜ. ಎಂಎಲ್ಎ ಶೈಲಿಯಲ್ಲಿ ಭಾಷಣಕಾರರನ್ನು ಮುಂದಿಟ್ಟು, ಅಪ್‌ಲೋಡ್ ಮಾಡಿದವರನ್ನು ಆಮೇಲೆ ಹೇಳಬಹುದು. ಎರಡೂ ಸರಿ; ಒಂದೇ ಪಟ್ಟಿಯಲ್ಲಿ ಎರಡನ್ನೂ ಬೆರೆಸುವುದು ಸರಿಯಲ್ಲ. ಹಾಗಾಗಿ ಉಪನ್ಯಾಸಕರಲ್ಲಿ ನನ್ನ ಕೋರಿಕೆ ಇಷ್ಟೆ: ಪ್ರಾಜೆಕ್ಟ್ ಕೊಡುವ ದಿನವೇ ಯಾವ ಶೈಲಿ ಎಂದು ತಿಳಿಸಿ. ಸಹಪಾಠಿಗಳಿಗೆ ಹೇಳುವುದು: ವರದಿ ಒಪ್ಪಿಸುವ ಮುನ್ನ ಪಟ್ಟಿಯಿಂದ ಲಿಂಕ್‌ಗಳನ್ನು ಮುಚ್ಚಿ, ಪಕ್ಕದವರ ಕೈಗೆ ಕೊಡಿ. ಉಳಿದ ವಿವರ ನೋಡಿಯೇ ಅವರು ಅದೇ ವಿಡಿಯೊ ಹುಡುಕಿ ತೆಗೆದರೆ ನಿಮ್ಮ ಪಟ್ಟಿ ಸರಿಯಾಗಿದೆ. ಲಿಂಕ್ ನಾಳೆ ಸತ್ತುಹೋದರೂ ಆ ವಿವರ ಕೆಲಸ ಮಾಡುತ್ತದೆ.