ನಾಟಿಯಾಗಿ ಮೂವತ್ತನೇ ದಿನ ಎಂದರೆ ಯಾವ ದಿನ?

ಭತ್ತದ ಬೇಸಾಯದ ಒಂದು ಕನ್ನಡ ಕೈಪಿಡಿಯನ್ನು ಲಾವೊ ಭಾಷೆಗೆ ತರುವ ಕೆಲಸದಲ್ಲಿ ಕೆಲವು ತಿಂಗಳು ನಾನೂ ಕೈಜೋಡಿಸಿದ್ದೆ. ಎರಡೂ ಭಾಷೆ ಬಲ್ಲವರು ಸಿಗಲಿಲ್ಲ. ಹಾಗಾಗಿ ಮೊದಲು ಇಂಗ್ಲಿಷಿಗೆ, ಅಲ್ಲಿಂದ ಲಾವೊಗೆ ಎಂದು ತೀರ್ಮಾನವಾಯಿತು. ನಡುವಿನ ಇಂಗ್ಲಿಷನ್ನು ಎಲ್ಲರೂ ಸೇತುವೆ ಎಂದೇ ಕರೆಯುತ್ತಿದ್ದರು. ನನಗೆ ಅದು ಜರಡಿಯಂತೆ ಕಂಡಿತು, ಅದೂ ಕಾಳನ್ನೇ ಕೆಳಗೆ ಬಿಡುವ ಜರಡಿ.

ಕೈಪಿಡಿಯಲ್ಲಿದ್ದದ್ದು ಸರಳ ವಾಕ್ಯ: ನಾಟಿಯಾದ 30ನೇ ದಿನ ಯೂರಿಯಾ ಮೇಲುಗೊಬ್ಬರ ಕೊಡಿ. ಇಂಗ್ಲಿಷಿನಲ್ಲಿ 'ನಾಟಿ' ಬರೀ 'ಪ್ಲಾಂಟಿಂಗ್' ಆಯಿತು. ಅದನ್ನು ಓದಿದ ಲಾವೊ ಅನುವಾದಕರು 'ಪೂಕ್' ಎಂದು ಬರೆದರು. ಪೂಕ್ ಎಂದರೆ ಬೆಳೆ ಹಾಕುವುದು, ಅಷ್ಟೇ. ಸಸಿ ಕಿತ್ತು ಗದ್ದೆಯಲ್ಲಿ ನೆಡುವುದಕ್ಕೆ ಲಾವೊದಲ್ಲಿ 'ದಮ್ ನಾ' ಎಂಬ ಬೇರೆಯೇ ಮಾತಿದೆ. ನಮ್ಮ 'ನಾಟಿ'ಗೆ ಸರಿಯಾಗಿ ಹೊಂದುವ ಮಾತು ಅದು. ನಡುವಿನ ಭಾಷೆ ಕೇಳದೇ ಇದ್ದುದರಿಂದ ಅದು ಹೊರಗೇ ಉಳಿಯಿತು.

ಈಗ ಲೆಕ್ಕ ನೋಡಿ. ಸಸಿಮಡಿಯಲ್ಲಿ 25 ದಿನ ಬೆಳೆದ ಸಸಿಯನ್ನು ನೆಟ್ಟಿದ್ದೇವೆ ಎಂದುಕೊಳ್ಳಿ. ರೈತ 'ಪೂಕ್' ಎಂಬುದನ್ನು ಬೀಜ ಹಾಕಿದ ದಿನವೆಂದು ತಿಳಿದರೆ ಅವನ 30ನೇ ದಿನ ನಾಟಿಯ ನಂತರದ 5ನೇ ದಿನ. ಕಿತ್ತು ನೆಟ್ಟ ಬೇರು ಆಗಿನ್ನೂ ಚೇತರಿಸಿಕೊಂಡಿರುವುದಿಲ್ಲ, ಹೀರುವ ಶಕ್ತಿ ಕಡಿಮೆ. ಯೂರಿಯಾದ ಸಾರಜನಕ ಬಹುಪಾಲು ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ, ಇಲ್ಲವೇ ನೀರಿನ ಜೊತೆ ಹರಿದುಹೋಗುತ್ತದೆ. ತೆಂಡೆ ಒಡೆಯುವ ಹೊತ್ತಿಗೆ ಬೇಕಾಗಿದ್ದ ಗೊಬ್ಬರ ಆ ಹೊತ್ತಿಗೆ ಗದ್ದೆಯಲ್ಲಿರುವುದಿಲ್ಲ.

ಇದನ್ನು ಹೇಳಿದಾಗ ಬಂದ ಉತ್ತರ: "ಲಾವೊದಿಂದ ಮತ್ತೆ ಇಂಗ್ಲಿಷಿಗೆ ಅನುವಾದಿಸಿ ನೋಡಿದ್ದೇವೆ ಮೇಡಂ, ಸರಿಯಾಗೇ ಇದೆ." ಸರಿಯಾಗಿಯೇ ಇರುತ್ತದಲ್ಲ! ಪೂಕ್ ಮರಳಿ ಪ್ಲಾಂಟಿಂಗ್ ಆಗುತ್ತದೆ, ಎರಡು ಪುಟ ತಾಳೆಯಾಗುತ್ತವೆ. ತಪ್ಪು ಹುಟ್ಟಿದ ಜಾಗವನ್ನೇ ತಪ್ಪು ಅಳೆಯುವ ಕೋಲಾಗಿ ಹಿಡಿದರೆ ಇನ್ನೇನು ಕಾಣಬೇಕು? ಲಾವೊ ಓದುಗರೊಬ್ಬರನ್ನು ಕೂರಿಸಿ, "ಈ 30 ದಿನವನ್ನು ನೀವು ಯಾವತ್ತಿನಿಂದ ಎಣಿಸುತ್ತೀರಿ?" ಎಂದು ಕೇಳಿದ್ದರೆ ಒಂದೇ ನಿಮಿಷದಲ್ಲಿ ಗೊತ್ತಾಗುತ್ತಿತ್ತು.

ಗದ್ದೆ, ಹೊಲಗಳ ಕತೆಯೂ ಇದೇ. ನಮಗೆ ಎರಡೂ ಬೇರೆ. ಲಾವೊದಲ್ಲೂ ನೀರು ನಿಲ್ಲುವ ಗದ್ದೆ 'ನಾ', ಗುಡ್ಡದ ಮೇಲಿನ ಮಳೆಯಾಶ್ರಿತ ಹೊಲ 'ಹೈ'. ನಡುವೆ 'ಫೀಲ್ಡ್' ಬಂದು ಕೂತರೆ ನೀರು ನಿಲ್ಲಿಸಿ ಎಂಬ ಸಲಹೆ ಗುಡ್ಡ ಹತ್ತಬಹುದು.

ಇಂಗ್ಲಿಷಿನಲ್ಲಿ ಪದವಿಲ್ಲ ಎಂದು ನಾನು ದೂರುತ್ತಿಲ್ಲ. 'ಟ್ರಾನ್ಸ್‌ಪ್ಲಾಂಟಿಂಗ್' ಇದೆ, ಬರೆಯಲಿಲ್ಲ. ನಡುವಿನ ಪ್ರತಿ ಯಾರೂ ಓದದ ಕರಡು ಎಂಬ ಉದಾಸೀನ ಅದು. ನೇರ ಅನುವಾದಕರು ಸಿಗುವವರೆಗೆ ಇಂಗ್ಲಿಷ್ ಇರಲಿ. ಆದರೆ ಆ ಪ್ರತಿಯಲ್ಲಿ ಕನ್ನಡದ ನಾಟಿ, ಸಸಿಮಡಿ, ಗದ್ದೆಗಳು ಹಾಗೇ ಉಳಿದು, ಪಕ್ಕದಲ್ಲಿ ಒಂದು ವಾಕ್ಯದ ವಿವರಣೆ ಇರಬೇಕು. ಅಂಥ ಪದಗಳ ಪಟ್ಟಿ ಮಾಡಿಕೊಟ್ಟಾಗ, ಪುಟ ಹೆಚ್ಚಾಗುತ್ತದೆ ಎಂದರು. ಹೆಚ್ಚಾದದ್ದು ಒಂದೂವರೆ ಪುಟ.