ಫೋಟೋ ಅವರದು, ಮುಖ ಯಾರದು?

ಕೆಜಿಎಫ್‌ನ ಸೈನೈಡ್ ದಿಬ್ಬದ ಮುಂದೆ ನಿಂತ ಹಳೇ ಗಣಿ ಕಾರ್ಮಿಕರೊಬ್ಬರ ಫೋಟೋ ಸಿಕ್ತು, ಅದನ್ನ ನೋಡ್ಕೊಂಡು ಕಾಫಿ ಪ್ಯಾಕೆಟ್‌ಗೆ ಚಿತ್ರ ಬರೀತೀರಿ ಅಂದ್ಕೊಳ್ಳಿ. ಯಾರನ್ನ ಕೇಳ್ತೀರಿ? ಫೋಟೋಗ್ರಾಫರ್‌ನ. ಕೇಳಲೇಬೇಕು. 1957ರ ಕಾಪಿರೈಟ್ ಕಾಯ್ದೆಯಲ್ಲಿ ಫೋಟೋ ತೆಗೆದವರೇ ಕರ್ತೃ. ಅವರ ಚೌಕಟ್ಟು, ಬೆಳಕು, ಭಂಗಿಯನ್ನ ಹಾಗೇ ಬಣ್ಣದಲ್ಲಿ ಇಳಿಸಿದರೆ ಅದೂ ನಕಲೇ.

ಮತ್ತೆ ಆ ಕಾರ್ಮಿಕರು? 2001ರಲ್ಲಿ ಗಣಿ ಮುಚ್ಚಿದಾಗ ಕೆಲಸ ಹೋಯ್ತು, ಈಗ ಮುಖವೂ ಪುಕ್ಕಟೆಯಾ?

ತಮಾಷೆ ನೋಡಿ. ಅದೇ ಮನುಷ್ಯ ಬಂಗಾರಪೇಟೆಯ ಸ್ಟುಡಿಯೋದಲ್ಲಿ ದುಡ್ಡು ಕೊಟ್ಟು ಫೋಟೋ ತೆಗೆಸಿಕೊಂಡಿದ್ದರೆ, ಬೇರೆ ಒಪ್ಪಂದ ಇಲ್ಲದಿದ್ದರೆ, 17ನೇ ಕಲಮಿನ ಪ್ರಕಾರ ಕಾಪಿರೈಟ್ ಅವರದ್ದೇ. ಅಂದರೆ ಈ ಕಾಯ್ದೆ ದುಡ್ಡು ಕೊಟ್ಟವರನ್ನ ಗುರುತಿಸುತ್ತೆ, ಮುಖ ಕೊಟ್ಟವರನ್ನಲ್ಲ.

ಮುಖಕ್ಕೆ ಬೇರೆ ಕಾವಲಿದೆ. ಒಬ್ಬರ ಹೆಸರನ್ನೋ ರೂಪವನ್ನೋ ಒಪ್ಪಿಗೆಯಿಲ್ಲದೆ ಜಾಹೀರಾತಿಗೆ ಬಳಸುವುದು ಖಾಸಗಿತನದ ಉಲ್ಲಂಘನೆ ಅಂತ ಸುಪ್ರೀಂ ಕೋರ್ಟ್ 1994ರಲ್ಲೇ ಆರ್. ರಾಜಗೋಪಾಲ್ ಪ್ರಕರಣದಲ್ಲಿ ಹೇಳಿದೆ. ಫೋಟೋಗ್ರಾಫರ್ ಕೊಡುವ ಲೈಸೆನ್ಸ್‌ನಲ್ಲಿ ಆ ಒಪ್ಪಿಗೆ ತಾನಾಗೇ ಸೇರಿರಲ್ಲ.

ಮುಖ ಗುರುತು ಸಿಗದಂತೆ ಬದಲಿಸಿದರೆ ಕಾರ್ಮಿಕರ ತಕರಾರು ಹೋಗಬಹುದು, ಫೋಟೋಗ್ರಾಫರ್‌ದು ಉಳಿಯುತ್ತೆ. ಭಂಗಿ, ಚೌಕಟ್ಟು ಬದಲಿಸಿ ಮುಖ ಉಳಿಸಿಕೊಂಡರೆ ಉಲ್ಟಾ. ಬೀಗ ಎರಡಿವೆ ಸ್ವಾಮಿ, ಒಂದೇ ಕೀಲಿ ಹಿಡ್ಕೊಂಡು ಒಳಗೆ ನುಗ್ಗಬೇಡಿ.